ಚೌಕಾಸಿ ಮಾಡದ ಗಿರಾಕಿ

ನಮ್ಮ ಮನೆಯ ಶೋಕೇಸಿನ ಕೆಳಗಿನ ಡ್ರಾಯರ್ ಹಳೇ ಚಾರ್ಜರ್‌ಗಳ ಅನಾಥಾಲಯ. ದಸರಾ ಗೊಂಬೆ ಕೂರಿಸಲು ಅದನ್ನು ಖಾಲಿ ಮಾಡುವಾಗ ನನ್ನ ಹಳೇ ಫೋನು ಸಿಕ್ಕಿತು. "ರೀ, ಇದನ್ನ ಮಾರ್ತೀರೋ, ಇಲ್ಲಾ ರಾಜಾ ರಾಣಿ ಪಕ್ಕ ಕೂರಿಸ್ಲೋ?" ಎಂದಳು ಹೆಂಡತಿ.

ಮೂರೂವರೆ ವರ್ಷದ ಹಿಂದೆ 18,500 ರೂಪಾಯಿ ಕೊಟ್ಟಿದ್ದೆ. ಮಗಳ ಹಾಗೆ ನೋಡಿಕೊಂಡಿದ್ದೀನಿ, 12,000ಕ್ಕೆ ಕಡಿಮೆ ಇಲ್ಲ ಎಂದೆ. ಮಗ ನಕ್ಕ. "ಅಪ್ಪ, ಇದಕ್ಕಿಂತ ಒಳ್ಳೇ ಹೊಸ ಫೋನು, ಗ್ಯಾರಂಟಿ ಸಮೇತ, 11,000ಕ್ಕೆ ಬರುತ್ತೆ." ಅದೇ ಮಾಡೆಲ್‌ನ ಬೇರೆ ಜಾಹೀರಾತುಗಳನ್ನು ತೆಗೆದು ತೋರಿಸಿದ. ಎಲ್ಲರೂ ಏಳೆಂಟು ಸಾವಿರ ಹೇಳುತ್ತಿದ್ದರು. ಅದೂ ಹೇಳುವ ಬೆಲೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ನಮ್ಮದಕ್ಕೆ ಮೂಲೆಯಲ್ಲೊಂದು ಬಿರುಕು, ಸಂಜೆ ನಾಲ್ಕಕ್ಕೇ ಸುಸ್ತಾಗುವ ಬ್ಯಾಟರಿ. ಕೊನೆಗೆ 7,500 ಎಂದು ಹಾಕಿದೆವು. ಬಿರುಕಿನ ಫೋಟೋ ಬೇಡ ಎಂದೆ. "ಬಂದ ಮೇಲೆ ನೋಡಿ ಸಾವಿರ ಇಳಿಸ್ತಾರೆ, ಮೊದಲೇ ತೋರಿಸು" ಎಂದ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಇದೇ ಪ್ರಾಮಾಣಿಕ ಅನ್ನಿಸಿತು.

ಹತ್ತೇ ನಿಮಿಷಕ್ಕೆ ಫೋನು ಬಂತು. ಹಿಂದಿ. ತಾನು ಸೇನೆಯಲ್ಲಿದ್ದೀನಿ, ಬೇರೆ ಊರಿಗೆ ವರ್ಗವಾಗಿದೆ, ಫೋನು ನೋಡೋದೇನೂ ಬೇಡ, ಹಣ ಈಗಲೇ ಕಳಿಸ್ತೀನಿ, ಆಮೇಲೆ ಕೊರಿಯರ್‌ನವನು ಬಂದು ಒಯ್ಯುತ್ತಾನೆ ಎಂದ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲ ಬಂತು. ನಾನು ಸೋಫಾದಲ್ಲೇ ನೆಟ್ಟಗೆ ಕೂತೆ. 7,500 ಎಂದರೆ 7,500! ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಚೌಕಾಸಿ ಮಾಡ್ಲಿಲ್ವಾ? ಹಾಗಾದ್ರೆ ಕಳ್ಳನೇ." ಮೂವತ್ತು ವರ್ಷ ಸೊಪ್ಪಿನವಳ ಹತ್ತಿರ ಪಳಗಿದ ಜ್ಞಾನ ಅದು.

ಅವನೊಂದು ಕ್ಯೂಆರ್ ಕೋಡ್ ಕಳಿಸಿದ. ಮೊದಲು ಪರೀಕ್ಷೆಗೆ ಐದು ರೂಪಾಯಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಐದು ಹೋಗಿ, ಮರುಕ್ಷಣ ಹತ್ತು ಬಂತು. ನನಗೋ ಖುಷಿ. ಮುಂದಿನ ಕೋಡ್ 7,500ರದು. ಅದನ್ನೂ ಸ್ಕ್ಯಾನ್ ಮಾಡಿದೆ. ಪಿನ್ ಒತ್ತಬೇಕು, ಅಷ್ಟರಲ್ಲಿ ಮಗ ಕೈ ಹಿಡಿದ. "ಮೇಲೆ ಏನಿದೆ ಓದು." Pay ಎಂದಿತ್ತು. ಅಂದರೆ ಕೊಡುವವನು ನಾನು. ಯುಪಿಐನಲ್ಲಿ ದುಡ್ಡು ಬರೋದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಕೇಳಿತು ಅಂದರೆ ನಮ್ಮ ದುಡ್ಡು ಹೊರಡುತ್ತಿದೆ ಎಂದೇ ಅರ್ಥ. ಆ ಹತ್ತು ರೂಪಾಯಿ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಒತ್ತಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕಿತ್ತು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿದು ಹೋಗುತ್ತದಂತೆ. ಐದು ರೂಪಾಯಿ ಲಾಭ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.

ನಿಜವಾದ ಗಿರಾಕಿ ಸಿಕ್ಕಿದ್ದು ಮೂರನೇ ದಿನ. ಕಾಲೇಜು ಹುಡುಗ. ಮೊದಲ ಮಾತೇ "ಅಂಕಲ್, ಐದೂವರೆಗೆ ಕೊಡ್ತೀರಾ?" ಹೆಂಡತಿಗೆ ಸಮಾಧಾನವಾಯಿತು. ಮನೆಗೆ ಕರೆಯದೆ ವಿಜಯನಗರ ಮೆಟ್ರೋ ಹತ್ತಿರದ ದರ್ಶಿನಿಗೆ ಬರಹೇಳಿದೆ. ಅವನು ನಮಗಿಂತ ಹುಷಾರು. *#06# ಒತ್ತಿ ಬಂದ ಐಎಂಇಐ ನಂಬರನ್ನು ನನ್ನ ಬಿಲ್ಲಿನ ಜೊತೆ ತಾಳೆ ನೋಡಿದ. ಚಾರ್ಜರ್ ಸಿಕ್ಕಿಸಿದ. ಅಮ್ಮನಿಗೆ ಫೋನು ಮಾಡಿ ಮೈಕ್ ಪರೀಕ್ಷಿಸಿದ. 6,500ಕ್ಕೆ ಒಪ್ಪಿದೆವು. ಅವನ ಫೋನಿನಲ್ಲಿ ಹಸಿರು ಟಿಕ್ ಬಂತು. ಅಂಥ ಟಿಕ್ ತೋರಿಸೋ ನಕಲಿ ಆಪ್‌ಗಳೂ ಇವೆ ಎಂದು ಮಗ ಹೇಳಿಕೊಟ್ಟಿದ್ದ. ಹಾಗಾಗಿ ನನ್ನ ಬ್ಯಾಂಕಿನ ಆಪ್ ತೆರೆದು, ಬ್ಯಾಲೆನ್ಸ್ ಏರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಫೋನು ಕೈಬಿಟ್ಟೆ. ಹುಡುಗನ ಕಾಫಿ ತಣ್ಣಗಾಯಿತು.

ಹೊರಡುವ ಮುಂಚೆ ಸ್ವಲ್ಪ ಜಂಬ ತೋರಿಸಿದೆ. ಪವರ್ ಗುಂಡಿ, ವಾಲ್ಯೂಮ್ ಗುಂಡಿ ಎರಡನ್ನೂ ಒತ್ತಿ ಹಿಡಿದು ಎಲ್ಲಾ ಅಳಿಸಿ, "ನೋಡಪ್ಪಾ, ಹೊಸದರ ಹಾಗೆ" ಎಂದು ಕೊಟ್ಟು ಬಂದೆ.

ರಾತ್ರಿ ಒಂಬತ್ತಕ್ಕೆ ಫೋನು. "ಅಂಕಲ್, ನಿಮ್ಮ ಗೂಗಲ್ ಖಾತೆ ಕೇಳ್ತಾ ಇದೆ, ಒಳಗೇ ಹೋಗ್ತಿಲ್ಲ." ಮಗ ತಲೆ ಚಚ್ಚಿಕೊಂಡ. ಮೊದಲು ಸೆಟ್ಟಿಂಗ್ಸ್‌ನಲ್ಲಿ ನನ್ನ ಖಾತೆ ತೆಗೆದು, ಅಲ್ಲಿಂದಲೇ ರೀಸೆಟ್ ಮಾಡಬೇಕಿತ್ತಂತೆ. ಗುಂಡಿ ಒತ್ತಿ ಅಳಿಸಿದರೆ, ಯಾರೋ ಕದ್ದಿದ್ದಾರೆ ಎಂದು ಫೋನು ಹಳೇ ಯಜಮಾನನನ್ನೇ ಕೇಳುತ್ತದೆ. ಪಾಸ್‌ವರ್ಡ್ ಬಾಯಲ್ಲಿ ಹೇಳೋ ಹಾಗಿಲ್ಲ. ಆಟೋ ಹಿಡಿದು ಅವರ ಮನೆಗೆ ಹೋದೆ.

ಬಾಗಿಲಲ್ಲಿ ಹುಡುಗನ ಅಪ್ಪ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಳಗೆ ತಿರುಗಿ ಹೆಂಡತಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು:

"ಈ ವಯಸ್ಸಿನೋರೂ ಈ ದಂಧೆಗೆ ಇಳಿದಿದ್ದಾರಲ್ಲೇ."