ಮೂರು ಎತ್ತರದ ಅಡುಗೆ ಕಟ್ಟೆ

ನಮ್ಮ ಮೈಸೂರಿನ ಮನೆಯ ನಕ್ಷೆ ತಂದ ಆರ್ಕಿಟೆಕ್ಟ್ ಹುಡುಗ ಆರಡಿಗೆ ಒಂದಿಂಚು ಕಡಿಮೆ. ನಾನು ಚಪ್ಪಲಿ ಬಿಟ್ಟರೆ ನಾಲ್ಕಡಿ ಹನ್ನೊಂದಿಂಚು. ಅಡುಗೆ ಕಟ್ಟೆಯ ಎತ್ತರ 34 ಇಂಚು ಎಂದು ಅವನು ಬರೆದದ್ದನ್ನು ಕಂಡ ಕೂಡಲೇ, ನಿವೃತ್ತಳಾದರೂ ಕೈಚೀಲದಿಂದ ಹೊರಬೀಳದ ಕೆಂಪು ಪೆನ್ನಿನಿಂದ ಅದಕ್ಕೊಂದು ಸುತ್ತು ಹಾಕಿ, ಪಕ್ಕದಲ್ಲಿ ‘ಹೇಗೆ?’ ಎಂದು ಬರೆದೆ.

“ಸ್ಟ್ಯಾಂಡರ್ಡ್ ಮೇಡಂ, ಎಲ್ಲರಿಗೂ ಇಷ್ಟೇ ಇಡುತ್ತೇವೆ” ಎಂದ.

ಗಣಿತದ ಉತ್ತರಪತ್ರಿಕೆಯಲ್ಲಿ ‘ಎಲ್ಲರೂ ಹೀಗೇ ಬರೆದಿದ್ದಾರೆ’ ಎಂಬುದು ಸಾಧನೆಯ ಹಂತವಲ್ಲ. ಆದ್ದರಿಂದ ಅವನನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ಕಟ್ಟೆ 34 ಇಂಚು, ಅದರ ಮೇಲೆ ಗ್ಯಾಸ್ ಒಲೆ 5 ಇಂಚು, ಒಲೆಯ ಮೇಲೆ ಕುಕ್ಕರ್ 8 ಇಂಚು, ಒಟ್ಟು 47. ನನ್ನ ಭುಜ ನೆಲದಿಂದ 48 ಇಂಚು. ಅಂದರೆ ಹುಳಿಯಲ್ಲಿ ಸೌಟು ಆಡಿಸಬೇಕಾದರೆ ನಾನು ಕಪ್ಪುಹಲಗೆಯ ಮೇಲೆ ಬರೆಯುವ ಹಾಗೆ ಕೈ ಎತ್ತಬೇಕು. ಸೇವಾವಧಿಯುದ್ದಕ್ಕೂ ಹಾಗೆ ಕೈ ಎತ್ತಿದ್ದರ ಫಲವನ್ನು ನನ್ನ ಬಲಭುಜ ಈಗಲೂ ಚಳಿಗಾಲದಲ್ಲಿ ನೆನಪಿಸುತ್ತದೆ.

“ಹಾಗಾದರೆ ಇಡೀ ಕಟ್ಟೆಯನ್ನೇ 28ಕ್ಕೆ ಇಳಿಸಿಬಿಡೋಣ” ಎಂದ. ಸೋಲೊಪ್ಪಿದನೆಂದು ನಾನು ಹಿಗ್ಗುವಷ್ಟರಲ್ಲಿ, ಅದು ಸೋಲಲ್ಲ, ಬಲೆ ಎಂದು ತಿಳಿಯಿತು. ಮರುದಿನ ಸೈಟಿನಲ್ಲಿ ಇಟ್ಟಿಗೆ ಜೋಡಿಸಿ, ಅಷ್ಟೇ ಎತ್ತರದಲ್ಲಿ ಹಲಗೆ ಇಟ್ಟು, ಮೇಸ್ತ್ರಿಯಿಂದ ಒಂದು ಗಾರೆ ಬಾಂಡ್ಲಿಯನ್ನು ಕೇಳಿ ಪಡೆದು, “ಇದೇ ಸಿಂಕ್, ಪಾತ್ರೆ ತೊಳೆಯಿರಿ ಮೇಡಂ” ಎಂದ. ಸಿಂಕಿನ ತಳ ಕಟ್ಟೆಗಿಂತ ಸುಮಾರು 8 ಇಂಚು ಕೆಳಗಿರುತ್ತದಾದ್ದರಿಂದ ಬಾಂಡ್ಲಿಯನ್ನು ಹಲಗೆಯಿಂದ ಅಷ್ಟು ತಗ್ಗಿಸಿಯೇ ಇಟ್ಟಿದ್ದ. ಇಲ್ಲದ ಪಾತ್ರೆಗಳನ್ನು ಎರಡು ನಿಮಿಷ ಉಜ್ಜುವಷ್ಟರಲ್ಲಿ ನನ್ನ ಸೊಂಟ ಅವನ ಪಕ್ಷ ಸೇರಿತ್ತು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಕ್ಕದ್ದು ನನಗೆ ಕಾಣಲಿಲ್ಲ ಎಂದೇ ಎಲ್ಲರೂ ಭಾವಿಸಿದ್ದಾರೆ.

ಜಗಳದ ತಿರುಳು ನಮಗಿಬ್ಬರಿಗೂ ಆಗ ಹೊಳೆಯಿತು. ಒಲೆ ಕೆಳಗಿಳಿಯಬೇಕು, ಸಿಂಕ್ ಮೇಲೇರಬೇಕು, ಹೆಚ್ಚುವ ಜಾಗ ಇವೆರಡರ ನಡುವೆ ನಿಲ್ಲಬೇಕು. ಒಂದೇ ಮಟ್ಟದ ಕಟ್ಟೆ ನೋಡುವವರ ಕಣ್ಣಿಗೆ ಚೆಂದವೇ ಹೊರತು ಕೆಲಸ ಮಾಡುವವರ ಮೈಗಲ್ಲ. ಅವನು ಟೇಪು ಹಿಡಿದು ನನ್ನ ಮೊಣಕೈ ಅಳೆದ: 36 ಇಂಚು. ತರಕಾರಿ ಹೆಚ್ಚಲು ಅದಕ್ಕಿಂತ ನಾಲ್ಕಿಂಚು ಕಡಿಮೆ, ಅಂದರೆ 32. ಸಿಂಕಿನ ಅಂಚು ಮೊಣಕೈ ಮಟ್ಟಕ್ಕೆ, 36. ಒಲೆಯ ಕಟ್ಟೆ 28.

ಹಾಗೆಂದು ಅವನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಗ್ರಾನೈಟು ಮೂರು ತುಂಡಾಗುತ್ತದೆ, ಸಂದಿನಲ್ಲಿ ದೋಸೆಹಿಟ್ಟು ಸೇರಿ ಇರುವೆ ಬರುತ್ತದೆ ಎಂದ. ಸಂದು ಒರೆಸುವ ಕೆಲಸ ನನ್ನದು, ನಿನ್ನದಲ್ಲ ಎಂದೆ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಮೆಟ್ಟಿಲು ಹತ್ತಿಸಿ ಇಡುತ್ತೀರಾ ಎಂದು ಕೇಳಿದಾಗ ಮಾತ್ರ ನನ್ನ ಬಾಯಿ ಕಟ್ಟಿತು. ಒಲೆಯ ಎರಡೂ ಬದಿಗೆ ಒಂದೊಂದಡಿ ಜಾಗವನ್ನು ಅದೇ ತಗ್ಗಿನಲ್ಲಿ ಬಿಡುವುದೆಂದು ಒಪ್ಪಂದವಾಯಿತು. ಇನ್ನು 28 ಇಂಚಿನ ಕಟ್ಟೆಯಲ್ಲಿ ಕಲ್ಲು, ಕಾಂಕ್ರೀಟು ಕಳೆದರೆ ಸಿಲಿಂಡರಿನ ತಲೆಯ ಮೇಲೆ ರೆಗ್ಯುಲೇಟರ್ ಕೂರಿಸಲು ಕೈ ಆಡುವುದಿಲ್ಲ. ಅದನ್ನು ಹೊರಗೆ ಯುಟಿಲಿಟಿಯಲ್ಲಿ ನಿಲ್ಲಿಸಿ ಗೋಡೆಯ ಮೂಲಕ ತಾಮ್ರದ ಕೊಳವೆ ತರುವುದೆಂದ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡುತ್ತದೆ. ಆದ್ದರಿಂದ ಅಲ್ಲಿ ಗೋಡೆಯ ಬುಡದಲ್ಲೇ ಜಾಲರಿ ಇಡಬೇಕೆಂದೂ ಹೇಳಿದ. ಈ ಉತ್ತರಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಅವನು ಅದನ್ನು ನಕ್ಷೆಯ ಮೇಲೆಯೇ ಬರೆಸಿಕೊಂಡ.

ಎಲ್ಲ ಮುಗಿಯಿತೆನ್ನುವಾಗ ಚಿಮಣಿ ಬಂತು. ಅದು ಒಲೆಯ ಮೇಲ್ಭಾಗದಿಂದ ಸುಮಾರು 30 ಇಂಚು ಮೇಲಿರಬೇಕು, ಇನ್ನೂ ಮೇಲಕ್ಕೆ ಹೋದರೆ ಒಗ್ಗರಣೆಯ ಘಾಟು ಅದಕ್ಕೆ ಸಿಗದೆ ನಡುಮನೆಗೆ ನಡೆಯುತ್ತದೆ. 28, 5, 30 ಕೂಡಿದರೆ 63 ಇಂಚು. ನನ್ನ ತಲೆಯ ಮೇಲೆ ಇನ್ನೂ ನಾಲ್ಕಿಂಚು ಉಳಿಯುತ್ತದಲ್ಲ ಎಂದು ನಾನು ಸಂತೋಷಪಡುತ್ತಿದ್ದರೆ, ಅವನು ಪೆನ್ಸಿಲ್ ಕೆಳಗಿಟ್ಟು, “ಸರ್ ಎಷ್ಟು ಎತ್ತರ ಮೇಡಂ?” ಎಂದ.

ನಮ್ಮ ಮನೆಯವರು ಐದಡಿ ಹತ್ತಿಂಚು. ಬೆಳಗಿನ ಕಾಫಿ ಮಾಡುವವರು ಅವರೇ, ಅದೂ ಅರೆನಿದ್ದೆಯಲ್ಲಿ. ಓರೆಯಾಗಿ ನಿಲ್ಲುವ ಚಿಮಣಿ ಹಾಕಿದರೆ ಹಣೆ ಉಳಿಯುತ್ತದೆಂದು ಹುಡುಗ, ಕಾಫಿ ಮಾಡುವವರು ಎಚ್ಚರವಾಗಿದ್ದರಾಯಿತೆಂದು ನಾನು. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತಿ, ಆ ಓರೆ ಚಿಮಣಿಗೆ ಎಷ್ಟಾಗುತ್ತದೆ ಎಂದು ಹುಡುಗನನ್ನೇ ನೇರವಾಗಿ ಕೇಳಿದರು.