ಆರು ಗಂಟೆಗೆ ಆಫೀಸಿನಿಂದ ಹೊರಟರೆ ಅಪರಾಧವಾ?

ಸಂಜೆ ಆರಕ್ಕೆ ಬ್ಯಾಗ್ ಜಿಪ್ ಎಳೆದರೆ ಸಾಕು, "ಏನ್ರೀ, ಇವತ್ತು ಹಾಫ್ ಡೇನಾ?" ಅಂತಾರೆ ನಮ್ಮ ಮ್ಯಾನೇಜರ್. ಬೆಳಿಗ್ಗೆ ಒಂಬತ್ತಕ್ಕೇ ಬಂದವಳು ನಾನು. ಹನ್ನೊಂದಕ್ಕೆ ಬಂದು, ಮಧ್ಯಾಹ್ನವೆಲ್ಲ ಹರಟೆ ಹೊಡೆದು, ರಾತ್ರಿ ಹತ್ತಕ್ಕೆ ಮೇಲ್ ಕಳಿಸುವವರು ಮಾತ್ರ ನಿಷ್ಠಾವಂತರು! ಕೆಲಸ ಎಷ್ಟಾಯಿತು ಅಂತ ಯಾರೂ ನೋಡುವುದಿಲ್ಲ, ಕುರ್ಚಿ ಬಿಸಿಯಿದ್ದರೆ ಆಯಿತು.

ಮೊದಲೆಲ್ಲ ಕಾರಣ ಹೇಳುತ್ತಿದ್ದೆ. ಅದೇ ತಪ್ಪಾಗಿದ್ದು. ಕಾರಣ ಕೊಟ್ಟರೆ ಅನುಮತಿ ಕೇಳಿದ ಹಾಗೆ ಅಲ್ವಾ? ಈಗ ಐದೂವರೆಗೆ ಸುಮ್ನೆ ಮೂರು ಸಾಲಿನ ಮೇಲ್ ಹಾಕುತ್ತೇನೆ: ಮುಗಿದದ್ದು, ಉಳಿದದ್ದು, ಅದು ಯಾವಾಗ ಆಗುತ್ತದೆ. ಐದೂಮುಕ್ಕಾಲಿಗೆ "ಒಂದು ಸಣ್ಣ ಕೆಲಸ" ಬಂದರೆ, "ನಾಳೆ ಹನ್ನೊಂದರೊಳಗೆ ಕೊಡ್ತೀನಿ ಸರ್." ಹತ್ತೂವರೆಗೇ ಕೊಡುತ್ತೇನೆ. ನಿಜವಾಗಲೂ ಅರ್ಜೆಂಟ್ ಇದ್ದ ದಿನ ಕೂರುತ್ತೇನೆ, ಇಲ್ಲ ಅನ್ನಲ್ಲ.

ಹಾಫ್ ಡೇ ಜೋಕಿಗೆ ಒಂದು ನಗು. ಜಿಪ್ ಮಾತ್ರ ನಿಲ್ಲಲ್ಲ.