ಸಾರ್ ಎಂದ ಮೇಲೆ ಏನೆನ್ನುವುದು?

ಮೈಸೂರಿನಲ್ಲಿ ಗುರುತಿಲ್ಲದವರನ್ನು ಮಾತನಾಡಿಸಬೇಕಾದಾಗ ನಾವು ಮೊದಲು ‘ಸಾರ್’ ಎನ್ನುತ್ತೇವೆ. ಅದನ್ನು ಗೌರವವೆಂದು ತಿಳಿಯುವವರು ತಿಳಿಯಲಿ, ನನ್ನ ಮಟ್ಟಿಗೆ ಅದು ಸಮಯ ಗಳಿಸುವ ಉಪಾಯ. ‘ಸಾ…ರ್’ ಎಂದು ತುಸು ಎಳೆದರೆ, ಆ ಎಳೆತ ಮುಗಿಯುವುದರೊಳಗೆ ಎದುರಿನವರ ಅಂಗಿ, ಹಣೆ, ಮೀಸೆ, ಕೈಯಲ್ಲಿರುವ ಪತ್ರಿಕೆ ಎಲ್ಲವನ್ನೂ ಒಮ್ಮೆ ನೋಡಿಬಿಡಬಹುದು. ‘ಅಣ್ಣ’ ಎಂದರೂ ನಡೆಯುತ್ತದೆ, ಏಕೆಂದರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಣ್ಣ ಅಣ್ಣನೇ. ಕಷ್ಟವೆಲ್ಲ ಶುರುವಾಗುವುದು ಎರಡನೆಯ ಪದದಿಂದ.

ಎರಡನೆಯ ಪದ ಕನ್ನಡದ್ದೇ ಆಗಿರಬೇಕು ಎಂಬುದು ನಾನು ಪಾಲಿಸಿಕೊಂಡು ಬಂದಿರುವ ನಿಯಮ. ಇದರಲ್ಲಿ ಅಭಿಮಾನಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಮನೆಯಲ್ಲಿ ಉರ್ದು, ತಮಿಳು, ತೆಲುಗು, ಮರಾಠಿ ಆಡುವ ಹಳೆಯ ಮೈಸೂರಿನವರು ಬೀದಿಗೆ ಬಂದರೆ ಕನ್ನಡದಲ್ಲಿ ಸಲೀಸಾಗಿ ವ್ಯವಹರಿಸುತ್ತಾರೆ. ಮುಖ ನೋಡಿ ಭಾಷೆ ಊಹಿಸುವವನೇ ಇಲ್ಲಿ ಬೇಸ್ತು ಬೀಳುತ್ತಾನೆ. ಧಾರವಾಡದಿಂದ ಬಂದಿದ್ದ ನಮ್ಮ ಭಾವಮೈದುನ ಮಂಡಿ ಮೊಹಲ್ಲಾದ ಸೈಕಲ್ ಅಂಗಡಿಯೊಂದರಲ್ಲಿ ಟೋಪಿ ಧರಿಸಿ ಕುಳಿತಿದ್ದ ಹಿರಿಯರನ್ನು ಕಂಡದ್ದೇ, ತನಗೆ ತಿಳಿದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ‘ಭಾಯಿಸಾಬ್, ಯಹ್ ಸೈಕಲ್ ಬಹುತ್ ಆವಾಜ್ ಕರ್ತಾ ಹೈ’ ಎಂದ. ಅವರು ಚೈನನ್ನು ಬೆರಳಿನಿಂದ ಎತ್ತಿ ನೋಡಿ, ‘ಆವಾಜ್ ಮಾಡ್ದೆ ಇನ್ನೇನ್ ಮಾಡುತ್ತಪ್ಪ, ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ ಏನೋ, ಕೂತ್ಕೋ’ ಎಂದರು. ಅನಂತರ ಒಳಗಿದ್ದ ಹುಡುಗನಿಗೆ ದಖನಿಯಲ್ಲಿ ಏನೋ ಹೇಳಿದರು. ‘ನಕ್ಕೊ’, ‘ಹೌ’ ಎಂದು ಸಾಗುವ ಆ ಮಾತಿಗೂ ಭಾವಮೈದುನನ ಪಠ್ಯಪುಸ್ತಕದ ಹಿಂದಿಗೂ ಅಂತಹ ನಂಟೇನೂ ಇರಲಿಲ್ಲ. ಅಂದರೆ ಅವನು ಅವರ ಅಂಗಡಿಯ ಭಾಷೆಯನ್ನೂ ಆಡಿರಲಿಲ್ಲ, ಮನೆಯ ಭಾಷೆಯನ್ನೂ ಆಡಿರಲಿಲ್ಲ.

ಕನ್ನಡದಲ್ಲೇ ಕೇಳಿದೆವು ಎನ್ನೋಣ. ಬಂದ ಉತ್ತರವನ್ನು ಓದುವುದು ಇನ್ನೂ ನಾಜೂಕಿನ ಕೆಲಸ. ಕನ್ನಡದ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಬಂದರೆ ‘ಇವರಿಗೆ ಕನ್ನಡ ಬಾರದು’ ಎಂದು ತೀರ್ಮಾನಿಸುವುದು ಆತುರವಾಗುತ್ತದೆ. ಎಷ್ಟೋ ವೇಳೆ ಆ ಹಿಂದಿಯಿಂದ ತಿಳಿಯುವುದು ಅವರು ನಮ್ಮನ್ನು ಯಾರೆಂದು ಎಣಿಸಿದರು ಎಂಬುದಷ್ಟೆ. ನಾನು ಬಟ್ಟೆಯ ಚೀಲ ಹಿಡಿದು ಹೋದಾಗ ‘ಬನ್ನಿ ಸಾರ್, ಏನ್ ಕೊಡ್ಲಿ’ ಎನ್ನುವ ಅದೇ ವ್ಯಾಪಾರಿ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಏರಿಸಿಕೊಂಡು ಹೋದ ಸಂಜೆ ‘ಆಯಿಯೇ ಸಾರ್’ ಎನ್ನುತ್ತಾನೆ. ಆದ್ದರಿಂದ ಭಾಷೆಯನ್ನು ಬಿಟ್ಟು ಉತ್ತರವನ್ನು ನೋಡಬೇಕು. ಕೇಳಿದ್ದಕ್ಕೆ ಸರಿಯಾದ ಬೆಲೆ ತಡವಿಲ್ಲದೆ ಬಂದಿತೆಂದರೆ ನಮ್ಮ ಕನ್ನಡ ಅವನಿಗೆ ಅರ್ಥವಾಗಿದೆ. ಆಗ ಇನ್ನೊಂದು ಸುತ್ತು ಕನ್ನಡದಲ್ಲೇ ಗಟ್ಟಿಯಾಗಿ ನಿಂತರೆ ಸಾಕು, ಅವನೇ ಇತ್ತ ಬರುತ್ತಾನೆ.

ಇದಕ್ಕೆ ವಿರುದ್ಧವಾದ ಪ್ರಕರಣವೂ ಉಂಟು. ನಮ್ಮ ಬಡಾವಣೆಯ ಹೋಟೆಲಿನಲ್ಲಿ ಒಡಿಶಾದಿಂದ ಬಂದ ಸಪ್ಲೈಯರ್ ಒಬ್ಬನಿದ್ದಾನೆ. ‘ಏನ್ ಬೇಕು ಸಾರ್? ಒಂದ್ ಮಸಾಲೆ, ಎರಡ್ ಕಾಫಿ, ಸ್ಟ್ರಾಂಗಾ?’ ಎಂದು ಅವನು ಕೇಳುವುದನ್ನು ಕೇಳಿದರೆ ನಂಜನಗೂಡಿನ ಹುಡುಗನೆಂದೇ ನಂಬಬೇಕು. ನಂಬಿದ ನಾನು, ‘ಸಾಂಬಾರ್ ಯಾಕೋ ಇವತ್ತು ಸಪ್ಪೆ ಆಗಿದ್ಯಲ್ಲಪ್ಪ’ ಎಂದು ಲೋಕಾಭಿರಾಮವಾಗಿ ಹೇಳಿದೆ. ಅವನು ‘ಹೂಂ ಸಾರ್’ ಎಂದು ಹೋಗಿ ಇನ್ನೊಂದು ಬಟ್ಟಲು ಸಾಂಬಾರ್ ತಂದಿಟ್ಟ. ‘ಬೇಡ, ಉಪ್ಪು ಕಡಿಮೆ ಅಂದೆ’ ಎಂದೆ. ಉಪ್ಪಿಟ್ಟು ಬಂತು. ಅವನ ಕನ್ನಡ ಅಷ್ಟೂ ತಿಂಡಿಯ ಪಟ್ಟಿಯ ಉದ್ದಕ್ಕೆ ಸರಿಯಾಗಿ ಕತ್ತರಿಸಿದ ಕನ್ನಡವಾಗಿತ್ತು. ಇಂತಹವರಲ್ಲಿ ಪಟ್ಟಿಯಲ್ಲಿಲ್ಲದ ಒಂದು ಮಾತನ್ನು ಆಡಿ ನೋಡದೆ ಏನನ್ನೂ ನಿರ್ಧರಿಸಲಾಗದು. ಆಡಿ ನೋಡಿದರೆ ಉಪ್ಪಿಟ್ಟನ್ನು ತಿನ್ನಬೇಕಾಗುತ್ತದೆ. ನಮ್ಮೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವಿದೆ, ಭಾಷೆಗಳನ್ನು ಕುರಿತು ಅಲ್ಲಿ ದೊಡ್ಡ ದೊಡ್ಡ ಕೆಲಸಗಳಾಗಿವೆ. ಆದರೆ ಹೋಟೆಲಿನ ಮೇಜಿನ ಮುಂದೆ ಕುಳಿತವನು ತನ್ನ ಸಂಶೋಧನೆಯನ್ನು ತಾನೇ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಗೊಂದಲ ಹುಟ್ಟುವುದು ಇಬ್ಬರೂ ಸಜ್ಜನರಾಗಿದ್ದಾಗ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕಚೇರಿಯಿಂದ ನೇರವಾಗಿ, ಬ್ಯಾಗಿನ ಸಮೇತ, ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಹೂವು ಕೊಳ್ಳಲು ಪಕ್ಕದ ಮನೆಯ ಮಾಮಿಯೂ ಜೊತೆಗೂಡಿದ್ದರು. ‘ಮಲ್ಲಿಗೆ ಮಾರಿಗೆ ಎಷ್ಟಪ್ಪ?’ ಎಂದು ಕೇಳಿದೆ. ಹೂವಿನವನು ಬ್ಯಾಗನ್ನು ನೋಡಿ ‘ಡೇಢ್ ಸೌ ಸಾರ್’ ಎಂದ. ಬೆಲೆ ತಟ್ಟನೆ ಬಂದಿತ್ತು, ನಿಯಮದಂತೆ ನಾನು ಕನ್ನಡದಲ್ಲೇ ನಿಲ್ಲಬೇಕಿತ್ತು. ಆದರೆ ಹಿಂದಿನಿಂದ ಜನ ನೂಕುತ್ತಿದ್ದ ಅವಸರದಲ್ಲಿ, ಪಾಪ ಹೊಸಬನಿರಬೇಕೆಂಬ ಸೌಜನ್ಯ ಉಕ್ಕಿ ‘ಸೌ ಮೇ ದೇ ದೋ’ ಎಂದುಬಿಟ್ಟೆ. ಅಷ್ಟರಲ್ಲಿ ಅವನಿಗೂ ನನ್ನ ಮೊದಲ ಪ್ರಶ್ನೆಯ ಕನ್ನಡ ನೆನಪಾಗಿ ‘ನೂರಕ್ಕೆಲ್ಲ ಬರಲ್ಲ ಸಾರ್, ನೂರ ನಲವತ್ತು ಕೊಡಿ’ ಎಂದ. ನಾನು ಸಮಾಧಾನದಿಂದ ‘ನೂರ ಇಪ್ಪತ್ತು ಮಾಡ್ಕೊಳ್ಳಿ’ ಎಂದೆ. ಅವನಾದರೋ ಅಷ್ಟು ಹೊತ್ತಿಗೆ ನನ್ನ ಹಿಂದಿಗೆ ಮರ್ಯಾದೆ ಕೊಡಲು ನಿಶ್ಚಯಿಸಿ ‘ನಹೀಂ ಸಾರ್, ಏಕ್ ಸೌ ತೀಸ್, ಲಾಸ್ಟ್’ ಎಂದ. ಕಿರಿದಾದ ಓಣಿಯಲ್ಲಿ ಎದುರುಬದುರಾದವರಿಬ್ಬರು ದಾರಿ ಬಿಡಲೆಂದು ಒಮ್ಮೆಗೇ ಎಡಕ್ಕೂ ಒಮ್ಮೆಗೇ ಬಲಕ್ಕೂ ಸರಿಯುತ್ತಾರಲ್ಲ, ಹಾಗೆ ನಮ್ಮ ಚೌಕಾಸಿ ನಡೆಯಿತು. ನಾನು ನೂರ ಮೂವತ್ತಕ್ಕೆ ಒಪ್ಪಿದ ಮೇಲೆ ಅವನು ಪಕ್ಕದ ಅಂಗಡಿಯವನ ಕಡೆ ತಿರುಗಿ, ‘ಪಾಪ, ಕನ್ನಡ ಕಲೀತಾವ್ರೆ ಕಣೋ, ಪರವಾಗಿಲ್ಲ, ಚೆನ್ನಾಗೇ ಮಾತಾಡ್ತಾರೆ’ ಎಂದ. ಚಾಮರಾಜಪುರಂನಲ್ಲಿ ಹುಟ್ಟಿ ಬೆಳೆದ ನಾನು ಆ ಪ್ರಶಸ್ತಿಯನ್ನು ಮೌನವಾಗಿ ಸ್ವೀಕರಿಸಿದೆ.

ಕೊಟ್ಟ ಇನ್ನೂರು ರೂಪಾಯಿಗೆ ಚಿಲ್ಲರೆ ಎಣಿಸುವಾಗ ಅವನ ತುಟಿಗಳಿಂದ ಮೆಲ್ಲಗೆ ‘ಪತ್ತು, ಇರುಪದು, ಮುಪ್ಪದು’ ಎಂಬ ಸದ್ದು ಹೊರಟಿತು. ಮನುಷ್ಯ ವ್ಯಾಪಾರವನ್ನು ಯಾವ ಭಾಷೆಯಲ್ಲಿ ಬೇಕಾದರೂ ಮಾಡಿಯಾನು, ದುಡ್ಡನ್ನು ಎಣಿಸುವುದು ಮಾತ್ರ ಮನೆಯ ಭಾಷೆಯಲ್ಲೇ. ಇಷ್ಟು ಹೊತ್ತು ನಾವಿಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡ ಎರಡು ಭಾಷೆಗಳಲ್ಲಿ ಅವನದು ಒಂದೂ ಆಗಿರಲಿಲ್ಲ.

ಇದನ್ನು ಕೇಳಿಸಿಕೊಂಡ ಮಾಮಿಯ ಮುಖ ಅರಳಿತು. ಅವರು ಮೇಲುಕೋಟೆಯ ಕಡೆಯವರು, ಮನೆಯ ಮಾತು ಮಂಡ್ಯದ ಅಯ್ಯಂಗಾರರ ತಮಿಳು. ಮುಂದೆ ಬಂದು ತುಂಬ ಆತ್ಮೀಯವಾಗಿ, ಬಳಗದವನನ್ನು ಕಂಡವರಂತೆ, ಒಂದು ಉದ್ದನೆಯ ವಾಕ್ಯದಲ್ಲಿ ತಮ್ಮ ಕೋರಿಕೆಯನ್ನು ಸಲ್ಲಿಸಿದರು. ಶತಮಾನಗಳಿಂದ ಕನ್ನಡದ ನಡುವೆ ಬೆಳೆದು ಕನ್ನಡವನ್ನು ಧಾರಾಳವಾಗಿ ಬೆರೆಸಿಕೊಂಡಿರುವ ಆ ತಮಿಳನ್ನು ಅವನು ಕೈಯಲ್ಲಿ ನೋಟು ಹಿಡಿದುಕೊಂಡೇ ಕೊನೆಯವರೆಗೂ ಆಲಿಸಿದ. ಆಮೇಲೆ ಬಹಳ ವಿನಯದಿಂದ, ‘ಅಮ್ಮಾ, ಕನ್ನಡದಲ್ಲೇ ಹೇಳ್ಬಿಡಿ. ನಂಗೆ ತೆಲುಗು ಬರಲ್ಲ’ ಎಂದ.

ಮಾಮಿ ಕನ್ನಡದಲ್ಲೇ ಒಂದು ಮೊಳ ಕೊಸರು ಕೇಳಿದರು. ಕೊಟ್ಟ.